ಮಗನ ಆರೈಕೆಗೆ 90 ದಿನಗಳ ಶಿಶುಪಾಲನಾ ರಜೆ ಕೋರಿ ಅರ್ಜಿ

ದಿನಾಂಕ: 1-12-2025

ಗೆ,
ಅಂಚೆ ಅಧೀಕ್ಷಕರು, ಹಾಸನ ವಿಭಾಗ
(ಸಬ್ ಪೋಸ್ಟ್ ಮಾಸ್ಟರ್ ಅವರ ಮೂಲಕ)

ವಿಷಯ: 5-1-2026ರಿಂದ 4-4-2026ರವರೆಗೆ ಶಿಶುಪಾಲನಾ ರಜೆ (ಸಿಸಿಎಲ್) ಮಂಜೂರು ಮಾಡುವ ಬಗ್ಗೆ

ಮಾನ್ಯರೇ,

ನಾನು ಅಂಚೆ ಸಹಾಯಕಿ, ಉಳಿತಾಯ ಖಾತೆ ಕೌಂಟರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಮಗ ಆದಿಗೆ 11 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದೆ, ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 75 ಎಂದಿದೆ. ಜನವರಿ 7ರಂದು ಅವನ ಎರಡೂ ಕಾಲಿನ ಬಿಗಿದ ಸ್ನಾಯುಗಳಿಗೆ ಆಪರೇಷನ್ ಇದೆ. ಅದಾದ ಮೇಲೆ ಆರು ವಾರ, ಅಂದರೆ ಫೆಬ್ರವರಿ 18ರವರೆಗೆ, ಎರಡೂ ಕಾಲಿಗೆ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನವೂ ಫಿಸಿಯೋಥೆರಪಿ ಮಾಡಿಸಬೇಕು, ತಪ್ಪಿದರೆ ಸ್ನಾಯು ಮತ್ತೆ ಬಿಗಿಯುತ್ತದೆ, ಆಪರೇಷನ್ ಮಾಡಿಸಿದ್ದೇ ದಂಡವಾಗುತ್ತದೆ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ.

ಮನೆಯಲ್ಲಿ ಬೇರೆ ಯಾರೂ ಇಲ್ವಾ ಎಂದು ನೀವು ಕೇಳುವುದು ಸಹಜ. ಅತ್ತೆ ಇದ್ದಾರೆ, ಆದರೆ ಅವರಿಗೆ ಮಂಡಿನೋವು. ಆದಿಯ ತೂಕ 31 ಕೆ.ಜಿ., ಪ್ಲಾಸ್ಟರ್ ಹಾಕಿದರೆ ಇನ್ನೂ ಜಾಸ್ತಿ. ಪತಿಯ ಕೆಲಸ ಬೇರೆ ಊರಿನಲ್ಲಿ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಹೊರಡುತ್ತಾರೆ. ಇನ್ನೊಂದು ವಿಷಯ, ಆದಿಗೆ ಮಾತು ಬರುವುದಿಲ್ಲ. ನೋವಾದರೆ ಅಂಗಿಯ ತೋಳು ಕಚ್ಚುತ್ತಾನೆ, ಅಷ್ಟೇ. ಹೊಸಬರು ಯಾರೇ ನೋಡಿಕೊಂಡರೂ ಸುಮ್ನೆ ಆಡ್ತಿದ್ದಾನೆ ಅಂದುಕೊಳ್ಳುತ್ತಾರೆ. ಕಳೆದ ವರ್ಷ ಬ್ರೇಸ್ ಉಜ್ಜಿ ಹಿಮ್ಮಡಿ ಹುಣ್ಣಾಗಿತ್ತು, ಸಂಜೆ ನಾನು ಬಂದು ಒದ್ದೆಯಾದ ತೋಳು ನೋಡಿದ ಮೇಲೇ ಗೊತ್ತಾಗಿದ್ದು.

ಪ್ಲಾಸ್ಟರ್ ಇರುವಾಗ ಅವನ ದಿನ ಹೀಗಿರುತ್ತದೆ:

ಬೆಳಗ್ಗೆ 6ಕ್ಕೆ ಮಗ್ಗುಲು ಬದಲಿಸಿ, ಕಾಲ್ಬೆರಳು ತಣ್ಣಗಾಗಿದೆಯಾ, ಊದಿದೆಯಾ ಎಂದು ನೋಡಬೇಕು.
7ರಿಂದ 8.30: ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಡೈಪರ್, ಔಷಧಿ.
8.30ರಿಂದ 9.30: ತಿಂಡಿ. ನುಂಗಲು ಕಷ್ಟ, ಕೂರಿಸಿಕೊಂಡು ಚಮಚದಲ್ಲಿ ನಿಧಾನವಾಗಿ ತಿನ್ನಿಸಬೇಕು, ಮಲಗಿಸಿ ಕೊಟ್ಟರೆ ನೆತ್ತಿಗೇರುತ್ತದೆ.
11ಕ್ಕೆ ಕೈ ಮತ್ತು ಬೆನ್ನಿನ ವ್ಯಾಯಾಮ. 1ಕ್ಕೆ ಊಟ, ಅದಕ್ಕೂ ಒಂದು ಗಂಟೆ.
3ರಿಂದ 4: ಚಿತ್ರದ ಕಾರ್ಡ್ ತೋರಿಸಿ ಪಾಠ.
8ಕ್ಕೆ ಊಟ, ಔಷಧಿ. ರಾತ್ರಿ ಎರಡು ಮೂರು ಸಲ ಎದ್ದು ನೋಡಬೇಕು.

ಇಷ್ಟರ ಮಧ್ಯೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಹಗಲಾಗಲಿ ರಾತ್ರಿಯಾಗಲಿ. ಫೆಬ್ರವರಿ 18ರ ನಂತರ 10ರಿಂದ 12ರವರೆಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು, ಸಂಜೆ ಅದನ್ನೇ ಮನೆಯಲ್ಲಿ ಮಾಡಿಸಬೇಕು.

ಸಿಸಿಎಸ್ (ರಜೆ) ನಿಯಮಗಳು 1972ರ 43-ಸಿ ಪ್ರಕಾರ ಇಡೀ ಸೇವೆಯಲ್ಲಿ 730 ದಿನ ಸಿಸಿಎಲ್ ಇದೆ. ಈವರೆಗೆ ನಾನು ಬಳಸಿರುವುದು 63 ದಿನ: 2023ರಲ್ಲಿ 28, 2024ರಲ್ಲಿ 35. ಈ 90 ಸೇರಿದರೆ 153 ಆಗುತ್ತದೆ, 577 ಉಳಿಯುತ್ತದೆ. ಮೊದಲ 365 ದಿನದ ಒಳಗೇ ಇರುವುದರಿಂದ ಪೂರ್ತಿ ಸಂಬಳ ಬರಬೇಕು. ವರ್ಷಕ್ಕೆ ಮೂರು ಸಲ ತೆಗೆದುಕೊಳ್ಳಬಹುದು, 2026ಕ್ಕೆ ಇದು ಮೊದಲನೆಯದು. ಏಪ್ರಿಲ್ 5 ಭಾನುವಾರ, ಅದನ್ನು ರಜೆಯ ಕೊನೆಗೆ ಸೇರಿಸಿಕೊಳ್ಳಲು ಅನುಮತಿ ಕೊಡಿ. 6ರಂದು ಸೋಮವಾರ ಕೆಲಸಕ್ಕೆ ಬರುತ್ತೇನೆ.

ಈ ರಜೆಯನ್ನು ಹಕ್ಕು ಅಂತ ಕೇಳುವಂತಿಲ್ಲ, ಗೊತ್ತು. ಮಾರ್ಚ್ ಕೊನೆಯಲ್ಲಿ ಕೌಂಟರ್ ಮುಂದೆ ಎಷ್ಟು ಜನ ನಿಲ್ಲುತ್ತಾರೆ ಅನ್ನುವುದೂ ಗೊತ್ತು. ಅದಕ್ಕೇ ಒಂದು ತಿಂಗಳು ಮೊದಲೇ ಅರ್ಜಿ ಕೊಡುತ್ತಿದ್ದೇನೆ. ಜನವರಿ 3ರೊಳಗೆ ಬಾಕಿ ಕೆಲಸ ಮುಗಿಸಿ ಚಾರ್ಜ್ ಒಪ್ಪಿಸುತ್ತೇನೆ. ನನ್ನ ಬದಲಿಗೆ ಕೌಂಟರ್‌ಗೆ ಬರುವವರಿಗೆ ಏನಾದರೂ ಗೊಂದಲವಾದರೆ ಫೋನ್ ಮಾಡಲಿ, ಖಂಡಿತ ಹೇಳಿಕೊಡುತ್ತೇನೆ. ರಜೆ ಕಡಿಮೆ ಮಾಡಲೇಬೇಕಾದರೆ ದಯವಿಟ್ಟು ಕೊನೆಯ ಎರಡು ವಾರದಲ್ಲಿ ಮಾಡಿ. ಪ್ಲಾಸ್ಟರ್ ಇರುವ ಆರು ವಾರ ಮಾತ್ರ ಬಿಟ್ಟಿರಲು ಆಗುವುದಿಲ್ಲ ಸರ್.

ರಜೆಯ ನಮೂನೆ 1, ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಮತ್ತು ಜನನ ಪ್ರಮಾಣಪತ್ರದ ಪ್ರತಿಗಳು, ಆಪರೇಷನ್ ದಿನಾಂಕವಿರುವ ಡಾಕ್ಟರ ಪತ್ರ ಲಗತ್ತಿಸಿದ್ದೇನೆ. ಅವಲಂಬನೆ ಪ್ರಮಾಣಪತ್ರ ಕೆಳಗಿದೆ.

ತಮ್ಮ ವಿಶ್ವಾಸಿ,
(ಸಹಿ)
ಎಂ. ಸವಿತಾ, ಅಂಚೆ ಸಹಾಯಕಿ

ಅವಲಂಬನೆ ಪ್ರಮಾಣಪತ್ರ

ಆದಿ ನನ್ನ ಸ್ವಂತ ಮಗ, ಇಬ್ಬರು ಮಕ್ಕಳಲ್ಲಿ ಹಿರಿಯವನು. ನನ್ನ ಜೊತೆಯಲ್ಲೇ ವಾಸವಾಗಿದ್ದಾನೆ. ಊಟ, ಬಟ್ಟೆ, ಶೌಚ, ಓಡಾಟ ಎಲ್ಲಕ್ಕೂ ನನ್ನನ್ನೇ ಅವಲಂಬಿಸಿದ್ದಾನೆ. ಅವನಿಗೆ ಸ್ವಂತ ಆದಾಯವಿಲ್ಲ. ಅವನ ಅಂಗವೈಕಲ್ಯ ಶೇ. 40ಕ್ಕಿಂತ ಹೆಚ್ಚಿದೆ. ಮೇಲೆ ಬರೆದಿರುವುದೆಲ್ಲ ನಿಜ ಎಂದು ಪ್ರಮಾಣೀಕರಿಸುತ್ತೇನೆ.

(ಸಹಿ)
ಎಂ. ಸವಿತಾ
ಹಾಸನ, 1-12-2025