ವಾರಕ್ಕೆ ಇನ್ನೊಂದು ಫ್ರೀಜರ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತು ಸ್ಲೈಡ್ ಇಲ್ಲ. ನಿಮ್ಮ ಮುಂದೆ ಒಂದೊಂದು ಹಾಳೆ ಮಗುಚಿ ಇಟ್ಟಿದ್ದೇವೆ. ಅದನ್ನು ಈಗಾಗಲೇ ತಿರುಗಿಸಿ ನೋಡಿದ್ದೀರಿ, ಗೊತ್ತು. ನಿಮ್ಮ ಜಾಗದಲ್ಲಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆ. ಹಾಗಾಗಿ ಸುಮ್ನೆ ಕಾಯಿಸುವುದಿಲ್ಲ.

ಈ ವರ್ಷ ನಮ್ಮ ರೀಜನ್ನಿಗೆ 4,200 ಫ್ರೀಜರ್.

ಹೋದ ವರ್ಷವೇ 4,000 ಮಾಡಿದ್ದೆವು, ಇದೇನು ಮಹಾ ಅಂತ ಕೆಲವರಿಗೆ ಅನಿಸಿರಬಹುದು. ಸ್ವಲ್ಪ ತಡೆಯಿರಿ. ಆ 4,000 ನಾವು ಡೀಲರ್‌ಗಳಿಗೆ ಬಿಲ್ ಮಾಡಿದ್ದು. ಅದರಲ್ಲಿ ಗಿರಾಕಿಯ ಅಂಗಡಿ ಸೇರಿ, ಪ್ಲಗ್ ಹಾಕಿಸಿಕೊಂಡು, ತಣ್ಣಗಾಗಿದ್ದು 3,500. ಉಳಿದ 500 ಇವತ್ತಿಗೂ ಗೋಡೌನ್‌ಗಳಲ್ಲಿ ನಿಂತಿವೆ. ಪ್ಯಾಕಿಂಗ್ ಕೂಡ ಬಿಚ್ಚಿಲ್ಲ. ಈ ವರ್ಷದ 4,200 ಅಂದರೆ ಗಿರಾಕಿ ಕೊಂಡ ಫ್ರೀಜರ್ ಮಾತ್ರ. ಪ್ರೈಮರಿ ಅಲ್ಲ, ಸೆಕೆಂಡರಿ. ವಾರಂಟಿ ನೋಂದಣಿ ಆಗಿದ್ದರೆ ಲೆಕ್ಕಕ್ಕೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇನ್ಸೆಂಟಿವ್ ಕೂಡ ಅದರ ಮೇಲೆಯೇ.

ಹೆಡ್ ಆಫೀಸ್ ಕೇಳಿದ್ದು ಬಿಲ್ಲಿಂಗ್‌ನಲ್ಲಿ 4,800. ಒಪ್ಪಿಕೊಂಡು ಬಂದಿದ್ದರೆ ನನಗೆ ಆವತ್ತಿನ ಮೀಟಿಂಗ್ ಬೇಗ ಮುಗಿಯುತ್ತಿತ್ತು. ಯಾಕೆ ಒಪ್ಪಲಿಲ್ಲ ಅಂತ ಹೇಳಬೇಕಾದರೆ ನನ್ನದೇ ಒಂದು ಹಳೆಯ ಕಥೆ ಹೇಳಬೇಕು.

ಬೇರೊಂದು ಕಂಪನಿಯಲ್ಲಿ ನಾನು ಫೀಲ್ಡ್‌ನಲ್ಲಿದ್ದೆ. ಕ್ವಾರ್ಟರ್ ಕೊನೆ. ಟಾರ್ಗೆಟ್‌ಗೆ 30 ಪೀಸ್ ಕಡಿಮೆ ಇತ್ತು. ನನ್ನ ಮೇಲೆ ತುಂಬಾ ವಿಶ್ವಾಸ ಇಟ್ಟಿದ್ದ ಒಬ್ಬ ಡೀಲರ್ ಹತ್ತಿರ ಹೋಗಿ ಕೂತೆ. "ಇದೊಂದು ಸಲ ತಗೊಳ್ಳಿ, ಮುಂದಿನ ತಿಂಗಳು ನಾನೇ ನಿಂತು ಮಾರಿಸಿಕೊಡ್ತೀನಿ" ಅಂದೆ. ಅವರು ನನ್ನ ಮುಖ ನೋಡಿ 30 ಪೀಸಿಗೂ ಸಹಿ ಹಾಕಿದರು. ಆ ಕ್ವಾರ್ಟರ್ ನನಗೆ ಬಹುಮಾನ ಬಂತು, ವೇದಿಕೆಯ ಮೇಲೆ ಫೋಟೋ ತೆಗೆದರು. ಮುಂದಿನ ತಿಂಗಳು ನಾನು ನಿಂತು ಮಾರಿಸಿದ್ದು 4. ಅವರ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಂಡಿತು. ನಮ್ಮ ಪೇಮೆಂಟ್ ತಡವಾಯಿತು. ಅಕೌಂಟ್ಸ್‌ನವರು ಅವರ ಖಾತೆಯನ್ನೇ ಬ್ಲಾಕ್ ಮಾಡಿದರು. ಆಮೇಲೆ ನಾನು ಅಂಗಡಿಗೆ ಹೋದರೆ ಹುಡುಗನ ಕೈಲಿ "ಸಾಹೇಬರು ಇಲ್ಲ" ಅಂತ ಹೇಳಿಸುತ್ತಿದ್ದರು. ಒಳಗೆ ಅವರು ಕೆಮ್ಮುವುದು ನನಗೆ ಕೇಳಿಸುತ್ತಿತ್ತು. ಅವರ ಜೊತೆ ಮತ್ತೆ ವ್ಯವಹಾರ ಕುದುರಲೇ ಇಲ್ಲ.

ನಿಮ್ಮಲ್ಲಿ ಎಷ್ಟು ಜನರಿಗೆ ಇಂಥ ಒಬ್ಬ ಡೀಲರ್ ಇದ್ದಾರೆ? ಕೈ ಎತ್ತಬೇಡಿ. ಹೋದ ವರ್ಷ ನಮ್ಮ ಬಿಲ್ಲಿಂಗ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂಗಳ ಕೊನೆಯ ಐದು ದಿನದಲ್ಲಿ ಆಗಿದೆ. ಅದು ಸುಮ್ನೆ ಆಗುವುದಿಲ್ಲ. ಸಂಜೆ ಏಳಕ್ಕೆ "ಇವತ್ತು ಎಷ್ಟು?" ಅಂತ ಗ್ರೂಪಿನಲ್ಲಿ ಕೇಳುತ್ತಿದ್ದವನು ನಾನೇ ಅಲ್ವಾ. ಕೇಳಿದವನಿಗೆ ಏನಾದರೂ ಒಂದು ಸಂಖ್ಯೆ ಕೊಡಬೇಕು. ಕೊಟ್ಟಿರಿ. ಆ 500ರಲ್ಲಿ ನನ್ನ ಪಾಲೂ ಇದೆ.

ಈಗ ಲೆಕ್ಕ. 3,500ರಿಂದ 4,200ಕ್ಕೆ ಅಂದರೆ 700 ಹೆಚ್ಚು. ಶೇಕಡಾ 20. ಕೇಳಲು ಭಾರವೇ. ನಾವು 14 ಜನ. ತಲೆಗೆ ಸರಾಸರಿ 50 ಬೀಳುತ್ತದೆ. ವರ್ಷಕ್ಕೆ 50. ರಜೆ, ಹುಷಾರಿಲ್ಲದ ದಿನ ಎಲ್ಲ ಕಳೆದರೂ ಹೆಚ್ಚುಕಡಿಮೆ ವಾರಕ್ಕೆ ಒಂದು. ಈಗ ಮಾಡುತ್ತಿರುವುದರ ಮೇಲೆ ವಾರಕ್ಕೆ ಇನ್ನೊಂದು ಫ್ರೀಜರ್. ಎಲ್ಲರಿಗೂ ಒಂದೇ ಸಮ ಹಂಚಿಲ್ಲ. ಹೊಸದಾಗಿ ಸೇರಿದ ಇಬ್ಬರಿಗೆ ಕಡಿಮೆ ಇದೆ, ಹಳೆಯ ದೊಡ್ಡ ಏರಿಯಾ ಇರುವವರಿಗೆ ಜಾಸ್ತಿ ಇದೆ. ಬೇಸಿಗೆಯ ಮೂರು ತಿಂಗಳಿಗೆ 1,400 ಇಟ್ಟಿದ್ದೇನೆ, ಮಳೆ ಶುರುವಾದ ಮೇಲಿನ ಮೂರು ತಿಂಗಳಿಗೆ 800. ಮಳೆಯಲ್ಲಿ ಫ್ರೀಜರ್ ಮಾರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಆ ಒಂದು ಎಲ್ಲಿಂದ ಬರಬೇಕು? ಹೊಸ ಗಿರಾಕಿ ಹುಡುಕಿ ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ಕೊಟ್ಟ ಪ್ರತಿ ಮೂರು ಕೊಟೇಶನ್‌ಗಳಲ್ಲಿ ಒಂದು ಆರ್ಡರ್ ಆಗಿದೆ. ಕೆಟ್ಟದ್ದೇನೂ ಅಲ್ಲ. ಆದರೆ ಉಳಿದ ಎರಡು ಏನಾದವು ಅಂತ ತಿಳಿಯಬೇಕಿತ್ತು. ಹೋದ ತಿಂಗಳು ಆಫೀಸಿನಿಂದ ಅಂಥ 90 ಜನರಿಗೆ ಫೋನ್ ಮಾಡಿಸಿದೆ. ರೇಟ್ ಜಾಸ್ತಿ ಆಯಿತು ಅಂದವರು 21. ಬೇರೆ ಕಂಪನಿಯದು ಕೊಂಡವರು, ಅಂಗಡಿಯನ್ನೇ ತೆರೆಯದವರು ಒಂದಿಷ್ಟು. ಎಲ್ಲಕ್ಕಿಂತ ಜಾಸ್ತಿ, 38 ಜನ, ಹೇಳಿದ್ದು ಒಂದೇ ಮಾತು: "ಕೊಟೇಶನ್ ಕೊಟ್ಟು ಹೋದವರು ಮತ್ತೆ ಫೋನ್ ಮಾಡಲಿಲ್ಲ." ಒಬ್ಬ ಬೇಕರಿಯವರಂತೂ ನಮ್ಮ ಕೊಟೇಶನ್ ಇನ್ನೂ ಕ್ಯಾಶ್ ಕೌಂಟರಿನ ಗಾಜಿನ ಕೆಳಗೆ ಇದೆ ಅಂದರು.

ನೀವು ಸೋಮಾರಿಗಳು ಅಂತ ಇದರ ಅರ್ಥ ಅಲ್ಲ. ತಿಂಗಳ ಕೊನೆಯ ಹತ್ತು ದಿನ ಡೀಲರ್ ಹಿಂದೆ ಬಿಲ್ಲಿಂಗ್‌ಗೆ ಓಡುವುದು, ಮುಂದಿನ ಹತ್ತು ದಿನ ಪೇಮೆಂಟ್‌ಗೆ ಓಡುವುದು. ಬೇಕರಿಯವರಿಗೆ ಯಾವಾಗ ಫೋನ್ ಮಾಡುತ್ತೀರಿ?

ಅದಕ್ಕೇ ಕೆಲವು ಬದಲಾವಣೆ. ಸಂಜೆ ಏಳರ ಮೆಸೇಜ್ ಇವತ್ತಿನಿಂದ ನಿಂತಿತು. (ಚಪ್ಪಾಳೆ ಬೇಡ, ವಿಷಯ ಇನ್ನೂ ಇದೆ.) ಅದರ ಬದಲು ಶುಕ್ರವಾರ ಬೆಳಿಗ್ಗೆ ಒಬ್ಬೊಬ್ಬರ ಜೊತೆ 15 ನಿಮಿಷ ಮಾತು. ನಾನು ಕೇಳುವುದು ಎರಡೇ: ಈ ವಾರ ಯಾವ ಕೊಟೇಶನ್ ಮುಗಿಯಿತು, ಯಾವುದು ಎಲ್ಲಿ ನಿಂತಿದೆ. ಡಿಸ್ಕೌಂಟ್ ಅನುಮತಿಗೆ ಮೂರು ದಿನ ಕಾಯಬೇಕು ಅಂತ ನೀವೆಲ್ಲ ಬೈದುಕೊಳ್ಳುತ್ತೀರಿ, ನ್ಯಾಯವೇ. ಮಧ್ಯಾಹ್ನ ಮೂರರ ಒಳಗೆ ಬಂದದ್ದಕ್ಕೆ ಅದೇ ದಿನ ಉತ್ತರ ಕೊಡುತ್ತೇನೆ. ಉತ್ತರ ಹೌದು ಅಂತಲೇ ಇರುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು ದೊಡ್ಡದು. ಬೇಸಿಗೆಯ ಮೂರು ತಿಂಗಳಲ್ಲಿ ಮೊದಲು ಗೋಡೌನಿನ ಆ 500 ಖಾಲಿ ಆಗಬೇಕು. ಅಂದರೆ 1,400 ಮಾರಿದರೂ ಹೊಸ ಬಿಲ್ಲಿಂಗ್ 900 ಮಾತ್ರ ಕಾಣುತ್ತದೆ. ಸೀಸನ್ನಿನಲ್ಲೇ ಬಿಲ್ಲಿಂಗ್ ಬಿದ್ದರೆ ಮೇಲಿನಿಂದ ಫೋನ್ ಬಂದೇ ಬರುತ್ತದೆ. ಆ ಫೋನ್ ನನಗೆ ಬರಲಿ. ಯಾರಾದರೂ ನೇರವಾಗಿ ನಿಮಗೇ ಮಾಡಿ "ಒಂದು 20 ಎತ್ತಿಸಿಬಿಡಿ" ಅಂದರೆ ನನ್ನ ಹೆಸರು ಹೇಳಿ ಇಟ್ಟುಬಿಡಿ. ಆದರೆ ಸೆಕೆಂಡರಿಯೂ ಬೀಳುತ್ತಿದ್ದರೆ ನನಗೆ ಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಆಗ ಮತ್ತೆ ಏಳು ಗಂಟೆಯ ಮೆಸೇಜ್ ಬರುತ್ತದೆ, ಬೇರೆ ಯಾರದೋ ನಂಬರಿನಿಂದ.

ಹಾಳೆಯಲ್ಲಿರುವುದು ಜಾಸ್ತಿ ಆಯಿತು ಅನಿಸಿದವರು ನಾಳೆ ಮಧ್ಯಾಹ್ನದ ಊಟದೊಳಗೆ ಹೇಳಿ. "ನನ್ನ ಏರಿಯಾದಲ್ಲಿ ಆಗಲ್ಲ ಸರ್" ಅಂದರೆ ಸಾಲದು. ಯಾವ ಡೀಲರ್, ಎಷ್ಟು, ಯಾಕೆ ಅಂತ ಬರೆದು ತನ್ನಿ. ಕೂತು ನೋಡೋಣ. ಸರಿ ಇದ್ದರೆ ಇಳಿಸುತ್ತೇನೆ. ಇಳಿಸಿದ್ದನ್ನು ಪಕ್ಕದವರ ತಲೆಗೆ ಕಟ್ಟುವುದಿಲ್ಲ, ಅಷ್ಟಕ್ಕೆ 60 ಪೀಸ್ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಕಡಿಮೆ ಆಯಿತು ಅನ್ನುವವರಿದ್ದರೆ ಅವರೂ ಬನ್ನಿ. ಇದುವರೆಗೆ ಯಾರೂ ಬಂದಿಲ್ಲ, ಆದರೂ.

ಈಗ ಹಾಳೆಯನ್ನು ಹಿಂದೆ ತಿರುಗಿಸಿ. ನಿಮ್ಮ ಹೆಸರಿನ ಕೆಳಗೆ ಮೂರು ಗಿರಾಕಿಗಳ ಹೆಸರು, ಫೋನ್ ನಂಬರ್ ಇದೆ. ಆ 38ರಲ್ಲಿ ನಿಮ್ಮ ಏರಿಯಾಕ್ಕೆ ಬಂದವರು, ಇನ್ನೂ ಕೊಳ್ಳದೆ ಇರುವವರು. ಕೆಲವರಿಗೆ ಎರಡೇ ಇರಬಹುದು. ಮುಂದಿನ 20 ನಿಮಿಷ ಮೀಟಿಂಗ್ ಇಲ್ಲ. ಹೊರಗೆ ಹೋಗಿ ಅವರಿಗೆ ಫೋನ್ ಮಾಡಿ ಬನ್ನಿ. ತಡವಾಯಿತು, ತಪ್ಪಾಯಿತು ಅಂತ ಮೊದಲು ಹೇಳಿ, ಆಮೇಲೆ ಫ್ರೀಜರ್ ಮಾತು. ಆ ಬೇಕರಿಯವರನ್ನು ಹುಡುಕಬೇಡಿ, ಅವರು ನನ್ನ ಪಟ್ಟಿಯಲ್ಲಿದ್ದಾರೆ.