ರಾಜ್ಯೋತ್ಸವದ ಹೌಸ್ ಕ್ವಿಜ್: ವೇದಿಕೆಯ ಸ್ಕ್ರಿಪ್ಟ್

(ಪ್ರೌಢಶಾಲೆಯ ಸಭಾಂಗಣ. ನಾಲ್ಕು ಮೇಜು, ಪ್ರತಿ ಮೇಜಿನ ಮೇಲೂ ಒಂದು ಗಂಟೆ, ಒಂದು ಸ್ಲೇಟು. ಸ್ಕೋರ್ ಬೋರ್ಡ್ ಹತ್ತಿರ ಗಣಿತದ ಟೀಚರ್, ಸ್ಟಾಪ್‌ವಾಚ್ ಹಿಡಿದು ಪಿ.ಟಿ. ಸರ್.)

ಕ್ವಿಜ್ ಮಾಸ್ಟರ್: ಎಲ್ಲರಿಗೂ ನಮಸ್ಕಾರ! ಹಿಂದೆ ಕೂತಿರುವ ಆರನೇ ಕ್ಲಾಸಿನವರೇ, ಕೇಳಿಸ್ತಾ ಇದೆಯಾ?

ಸಭೆ: ಕೇಳಿಸ್ತಿದೆ ಸರ್!

ಕ್ವಿಜ್ ಮಾಸ್ಟರ್: ಸರಿ. ಈ ಕಡೆಯಿಂದ ಕಾವೇರಿ, ತುಂಗಾ, ಶರಾವತಿ, ಕೃಷ್ಣಾ. ನಾಲ್ಕೂ ತಂಡಕ್ಕೆ ಒಂದು ಜೋರು ಚಪ್ಪಾಳೆ ಬರಲಿ. ನಿಯಮ ಸುಲಭ. ನೇರ ಉತ್ತರಕ್ಕೆ 10 ಅಂಕ, ಪಾಸ್ ಆಗಿ ಬಂದ ಪ್ರಶ್ನೆಗೆ 5. ಸಮಯ 30 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಅದಕ್ಕೇ ಹೇಳ್ತೀನಿ, ಗೊತ್ತಿಲ್ಲ ಅಂತ ಸುಮ್ನೆ ಕೂರಬೇಡಿ. ಯೋಚನೆ ಮಾಡಿ ಊಹಿಸಿ. ಯಾಕೆ ಹಾಗೆ ಊಹಿಸಿದಿರಿ ಅಂತ ನಾನು ಕೇಳ್ತೀನಿ. ನನಗೆ ಉತ್ತರಕ್ಕಿಂತ ಅದೇ ಜಾಸ್ತಿ ಇಷ್ಟ.

ಮೊದಲ ಸುತ್ತು. ಕಾವೇರಿ, ನಿಮ್ಮ ನದಿಯಿಂದಲೇ ಶುರು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಯಿತು. ಆ ವಿದ್ಯುತ್ತನ್ನು ಮೊದಲು ಕಳಿಸಿದ್ದು ಎಲ್ಲಿಗೆ?

ಕಾವೇರಿ: ಮೈಸೂರು ಅರಮನೆಗೆ, ಸರ್.

ಕ್ವಿಜ್ ಮಾಸ್ಟರ್: ಯಾಕೆ ಅರಮನೆ?

ಕಾವೇರಿ: ಮಹಾರಾಜರು ಇದ್ದರಲ್ವಾ ಸರ್, ಅವರಿಗೇ ಮೊದಲು ಕೊಡ್ತಾರೆ.

ಕ್ವಿಜ್ ಮಾಸ್ಟರ್: ಯೋಚನೆ ಚೆನ್ನಾಗಿದೆ, ಆದರೆ ಉತ್ತರ ಅದಲ್ಲ. ತುಂಗಾ?

ತುಂಗಾ: ಬೆಂಗಳೂರಿಗೆ.

ಕ್ವಿಜ್ ಮಾಸ್ಟರ್: ಬೆಂಗಳೂರಿನ ಬೀದಿ ದೀಪ ಬೆಳಗಿದ್ದು 1905ರಲ್ಲಿ. ಅದಕ್ಕೂ ಮುಂಚೆ ಎಲ್ಲಿ? ಶರಾವತಿ, ಒಂದು ಸುಳಿವು ಕೊಡ್ತೀನಿ. ನೆಲದೊಳಗೆ ತುಂಬಾ ಆಳದಲ್ಲಿ ಕೆಲಸ ನಡೆಯುತ್ತಿದ್ದ ಜಾಗ.

ಶರಾವತಿ: ಕೋಲಾರದ ಚಿನ್ನದ ಗಣಿ!

ಕ್ವಿಜ್ ಮಾಸ್ಟರ್: ಭೇಷ್! ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದಿದ್ದರು. ಆ ಕಾಲದಲ್ಲಿ ಅಷ್ಟು ದೂರ ಅಂದರೆ ಯೋಚಿಸಿ ನೋಡಿ. ಶರಾವತಿಗೆ 5.

ತುಂಗಾ, ಈಗ ನಿಮ್ಮ ಸರದಿ. ತುಂಗೆಯೂ ಭದ್ರೆಯೂ ಸೇರುವ ಊರು ಯಾವುದು?

ತುಂಗಾ: ಶಿವಮೊಗ್ಗದ ಹತ್ತಿರ ಕೂಡಲಿ, ಸರ್.

ಕ್ವಿಜ್ ಮಾಸ್ಟರ್: ಸರಿಯಾದ ಉತ್ತರ, 10 ಅಂಕ. ಎರಡು ನದಿ ಕೂಡುವ ಜಾಗ, ಅದಕ್ಕೇ ಕೂಡಲಿ. ಊರಿನ ಹೆಸರೇ ಉತ್ತರ ಹೇಳಿಬಿಡುತ್ತೆ ನೋಡಿ.

ಶರಾವತಿ, ಬೆಳಗ್ಗೆ ಆಗಸ್ಟ್ 15ಕ್ಕೆ ಹಾರಿಸ್ತೀವಲ್ಲ, ಆ ಖಾದಿ ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬಡಾವಣೆ ಯಾವುದು?

ಶರಾವತಿ: ಬೆಂಗೇರಿ!

ಕ್ವಿಜ್ ಮಾಸ್ಟರ್: ಪ್ರಶ್ನೆ ಮುಗಿಯುವುದರೊಳಗೆ ಹೇಳಿಬಿಟ್ಟಿರಲ್ಲ! ಅಲ್ಲೇ ಯಾರದಾದರೂ ಅಜ್ಜಿ ಮನೆ ಇದೆಯಾ?

ಶರಾವತಿ: ಹೌದು ಸರ್, ನಮ್ಮಜ್ಜಿ ಮನೆ!

ಕ್ವಿಜ್ ಮಾಸ್ಟರ್: ಅಜ್ಜಿಗೂ ಒಂದು ಚಪ್ಪಾಳೆ ಹೊಡೀರಿ. 10 ಅಂಕ.

ಕೃಷ್ಣಾ, ಕಾರವಾರದ ಕಡಲ ತೀರದಲ್ಲಿ ಒಂದು ಪಾತ್ರೆ ನೀರು ಕಾಯಿಸುತ್ತೀರಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ಇನ್ನೊಂದು. ಎಲ್ಲಿ ಕಡಿಮೆ ಉಷ್ಣತೆಯಲ್ಲಿ ನೀರು ಕುದಿಯುತ್ತದೆ?

ಕೃಷ್ಣಾ: ಮುಳ್ಳಯ್ಯನಗಿರಿಯಲ್ಲಿ. ಮೇಲೆ ಗಾಳಿಯ ಒತ್ತಡ ಕಡಿಮೆ, ಸರ್.

ಕ್ವಿಜ್ ಮಾಸ್ಟರ್: ಕಾರಣವನ್ನೂ ಕೇಳದೆಯೇ ಹೇಳಿದ್ರಿ. ತುಂಬಾ ಸಂತೋಷ ಆಯ್ತು. 10 ಅಂಕ. ಅಲ್ಲಿ 100 ಡಿಗ್ರಿ ಮುಟ್ಟುವ ಮೊದಲೇ ನೀರು ಕುದಿಯುತ್ತದೆ. ಆದರೆ ಬೇಳೆ ಬೇಯಲು ಜಾಸ್ತಿ ಹೊತ್ತು ಬೇಕು. ಯಾಕೆ ಅಂತ ಮನೆಯಲ್ಲಿ ಯೋಚಿಸಿ.

ಟೀಚರ್, ಸ್ಕೋರ್ ಹೇಳ್ತೀರಾ?

ಗಣಿತದ ಟೀಚರ್: ಶರಾವತಿ 15, ತುಂಗಾ 10, ಕೃಷ್ಣಾ 10, ಕಾವೇರಿ ಸೊನ್ನೆ.

ಕ್ವಿಜ್ ಮಾಸ್ಟರ್: ಕಾವೇರಿ, ತಲೆ ತಗ್ಗಿಸಬೇಡಿ. ಮುಂದಿನ ಸುತ್ತಿನಲ್ಲಿ ಅಂಕ ಜಾಸ್ತಿ ಇದೆ. ಇದು ಸುಳಿವಿನ ಸುತ್ತು. ಮೊದಲ ಸುಳಿವಿಗೇ ಹೇಳಿದರೆ 20, ಎರಡನೆಯದಕ್ಕೆ 15, ಮೂರನೆಯದಕ್ಕೆ 10. ಗೊತ್ತಾದವರು ಗಂಟೆ ಹೊಡೆಯಿರಿ. ಒಂದು ತಂಡಕ್ಕೆ ಒಂದೇ ಅವಕಾಶ.

ಮೊದಲ ಸುಳಿವು. ನಾನೊಂದು ಕಟ್ಟಡ. ನನ್ನ ದೊಡ್ಡ ಕೋಣೆಯ ನಡುವೆ ಒಂದೂ ಕಂಬ ಇಲ್ಲ.

(ಟಣ್!)

ಕೃಷ್ಣಾ: ವಿಧಾನಸೌಧ!

ಕ್ವಿಜ್ ಮಾಸ್ಟರ್: ಅಯ್ಯೋ, ಸ್ವಲ್ಪ ತಾಳಬೇಕಿತ್ತು ಪುಟ್ಟಾ. ಎರಡನೇ ಸುಳಿವು. ನನ್ನೊಳಗೆ ಒಂದು ಕಡೆ ಪಿಸುಗುಟ್ಟಿದರೆ ಎದುರು ಗೋಡೆಯ ಹತ್ತಿರ ಕೇಳಿಸುತ್ತದೆ.

(ಟಣ್!)

ಕಾವೇರಿ: ವಿಜಯಪುರದ ಗೋಲಗುಮ್ಮಟ, ಸರ್!

ಕ್ವಿಜ್ ಮಾಸ್ಟರ್: ಬಂತು ನೋಡಿ ಕಾವೇರಿಗೆ ನೀರು! 15 ಅಂಕ. ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಕೃಷ್ಣಾ ತಂಡದವರೇ, ನಿಮ್ಮ ನದಿಯ ಜಿಲ್ಲೆಯ ಕಟ್ಟಡವನ್ನು ಕಾವೇರಿಯವರು ಹೊತ್ಕೊಂಡು ಹೋದರಲ್ಲ!

ಮುಂದಿನದು. ಸುಳಿವು ಒಂದು. ನನ್ನ ಹೆಸರಿನಲ್ಲಿ ಗಂಟಲು ನೀಲಿ. ಆದರೆ ನಿಜವಾಗಿ ನನ್ನ ಗಂಟಲು ನೀಲಿಯಲ್ಲ, ಕಂದು.

(ಟಣ್!)

ತುಂಗಾ: ನೀಲಕಂಠ ಹಕ್ಕಿ!

ಕ್ವಿಜ್ ಮಾಸ್ಟರ್: 20 ಅಂಕ! ನಮ್ಮ ರಾಜ್ಯ ಪಕ್ಷಿ. ರೆಕ್ಕೆ ಬಿಚ್ಚಿದಾಗ ಆ ನೀಲಿ ನೋಡಬೇಕು. ಹೊಲದ ಬದಿಯ ತಂತಿ ಮೇಲೆ ಕೂತಿರುತ್ತೆ, ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹುಡುಕಿ.

ಈಗ ಸಭಿಕರಿಗೆ ಒಂದು. ಗೆದ್ದವರಿಗೆ ಪೆನ್ನು. ಚದುರಂಗದ ಮಣೆಯಲ್ಲಿ ಒಟ್ಟು ಎಷ್ಟು ಚೌಕಗಳಿವೆ?

ಸಭೆ: ಅರವತ್ತನಾಲ್ಕು!

ಕ್ವಿಜ್ ಮಾಸ್ಟರ್: ಅಷ್ಟು ಬೇಗ ಹೇಳ್ಬೇಡಿ. ಸಣ್ಣ ಚೌಕ 64. ನಾಲ್ಕು ಮನೆ ಸೇರಿಸಿದರೂ ಒಂದು ಚೌಕ ಅಲ್ವಾ? ಇಡೀ ಮಣೆಯೂ ಒಂದು ಚೌಕ.

(ಗದ್ದಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಕೈ ಎತ್ತುತ್ತಾಳೆ.)

ಹುಡುಗಿ: ಇನ್ನೂರ ನಾಲ್ಕು, ಸರ್. 64, 49, 36 ಅಂತ 1ರವರೆಗೆ ಬರುತ್ತೆ. ಎಲ್ಲ ಕೂಡಿಸಿದೆ.

ಕ್ವಿಜ್ ಮಾಸ್ಟರ್: ಬಾರಮ್ಮ ಇಲ್ಲಿ! ಆ ನೋಟ್‌ಬುಕ್ ಎಲ್ಲರಿಗೂ ತೋರಿಸು. 204, ಪೂರ್ತಿ ಸರಿ. ಗಣಿತದ ಟೀಚರ್ ಮುಖ ನೋಡಿ, ಎಷ್ಟು ಖುಷಿಯಾಗಿದ್ದಾರೆ!

ಕೊನೆಯ ಸುತ್ತು. ಗಂಟೆ ಮೊದಲು ಹೊಡೆದವರಿಗೆ ಅವಕಾಶ, 10 ಅಂಕ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ?

ತುಂಗಾ: 1956!

ಕ್ವಿಜ್ ಮಾಸ್ಟರ್: ಅದು ರಾಜ್ಯ ಒಂದಾದ ವರ್ಷ. ಹೆಸರು ಬಂದಿದ್ದು?

ಶರಾವತಿ: 1973, ನವೆಂಬರ್ 1.

ಕ್ವಿಜ್ ಮಾಸ್ಟರ್: ಸರಿ. ಚಂದ್ರಯಾನ-3ರಲ್ಲಿ ಚಂದ್ರನ ಮೇಲೆ ಓಡಾಡಿದ ರೋವರ್ ಹೆಸರು?

ಕೃಷ್ಣಾ: ಪ್ರಜ್ಞಾನ್!

ಕ್ವಿಜ್ ಮಾಸ್ಟರ್: ಸರಿ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದು ಯಾವುದು?

ಕಾವೇರಿ: ಅರಗು.

ಕ್ವಿಜ್ ಮಾಸ್ಟರ್: ಸರಿ. ಖೋ ಖೋ ಆಟದಲ್ಲಿ ಅಂಕಣದ ಮಧ್ಯೆ ಕೂರುವವರು ಎಷ್ಟು ಜನ?

ಕೃಷ್ಣಾ: ಎಂಟು! ಒಬ್ಬರು ಓಡ್ತಾರೆ.

ಕ್ವಿಜ್ ಮಾಸ್ಟರ್: ದಿನಾ ಮೈದಾನದಲ್ಲಿ ಇರುವವರು ಬಿಡ್ತಾರಾ! ಟೀಚರ್?

ಗಣಿತದ ಟೀಚರ್: ಕಾವೇರಿ 25, ಶರಾವತಿ 25. ತುಂಗಾ 30... ಕೃಷ್ಣಾ 30!

ಕ್ವಿಜ್ ಮಾಸ್ಟರ್: ಸಮ! ಹಾಗಿದ್ದರೆ ಒಂದೇ ಪ್ರಶ್ನೆ, ತುಂಗಾ ಮತ್ತು ಕೃಷ್ಣಾ ಇಬ್ಬರೂ ಸ್ಲೇಟಿನ ಮೇಲೆ ಬರೆಯಬೇಕು. ತುಂಗೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಅವಳ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ? ಯಾವ ನದಿಯ ಮೂಲಕ? ಒಂದು ನಿಮಿಷ. ಸಭೆಯಲ್ಲಿ ಯಾರೂ ಹೇಳಿಕೊಡಬಾರದು.

(ಪಿ.ಟಿ. ಸರ್ ಸೀಟಿ.)

ಕ್ವಿಜ್ ಮಾಸ್ಟರ್: ಸ್ಲೇಟು ಮೇಲೆತ್ತಿ. ತುಂಗಾ ಬರೆದಿರುವುದು: ಅರಬ್ಬೀ ಸಮುದ್ರ. ಘಟ್ಟ ಅಂದ ತಕ್ಷಣ ಪಶ್ಚಿಮದ ಸಮುದ್ರ ಅನಿಸಿತು, ಅಲ್ವಾ? ಶರಾವತಿ ಹಾಗೇ ಹೊನ್ನಾವರದಲ್ಲಿ ಸೇರುತ್ತಾಳೆ. ತುಂಗೆ ಮಾತ್ರ ಪೂರ್ವಕ್ಕೆ ತಿರುಗುತ್ತಾಳೆ. ಕೃಷ್ಣಾ ಬರೆದಿರುವುದು: ಬಂಗಾಳ ಕೊಲ್ಲಿ. ಭದ್ರೆ ಸೇರಿ ತುಂಗಭದ್ರೆಯಾಗಿ, ಆಮೇಲೆ ಕೃಷ್ಣಾ ನದಿಗೆ.

ಈ ವರ್ಷದ ಕ್ವಿಜ್ ಶೀಲ್ಡ್ ಕೃಷ್ಣಾ ಹೌಸಿಗೆ! ತುಂಗಾದವರೇ, ನೀವೂ ಬನ್ನಿ, ಕೃಷ್ಣಾದವರ ಪಕ್ಕ ನಿಲ್ಲಿ. ನಕ್ಷೆಯಲ್ಲಿ ಹಾಗೇ ತಾನೇ ಇರುವುದು? ಕಾವೇರಿ, ಶರಾವತಿ, ನೀವೂ ಬನ್ನಿ, ಎಲ್ಲರದೂ ಒಂದು ಫೋಟೋ ಆಗಲಿ. ಆಮೇಲೆ ಹೊರಗೆ ಚಿಕ್ಕಿ, ಪಾನಕ ಇದೆ. ಆರನೇ ಕ್ಲಾಸಿನವರು ಮೊದಲು ಸಾಲಿನಲ್ಲಿ ಹೋಗಿ.