ಟ್ಯಾಲಿ ಬ್ಯಾಕಪ್ ನಕಲುಗಳು: ಸೋಮವಾರದಿಂದ ಹೀಗೆ

ಬಿ.ಎಚ್. ರಸ್ತೆ ಅಂಗಡಿ, ತುಮಕೂರು
14-02-2026, ಶನಿವಾರ

ಯಜಮಾನರಿಗೆ, ಬಿಲ್ಲಿಂಗ್ ಮೇಡಂಗೆ ಮತ್ತು ಗೋಡೌನ್ ಸಿಸ್ಟಮ್ ನೋಡಿಕೊಳ್ಳುವವರಿಗೆ,

ಕೌಂಟರ್ ಸಿಸ್ಟಮ್‌ನ ಡಿ ಡ್ರೈವ್ ಕೆಂಪು ಪಟ್ಟಿ ತೋರಿಸುತ್ತಿದೆ. 118 ಜಿಬಿಯಲ್ಲಿ ಖಾಲಿ ಇರುವುದು 4 ಜಿಬಿ. ಸುಮಾರು 90 ಜಿಬಿ ಜಾಗವನ್ನು ಟ್ಯಾಲಿ ಬ್ಯಾಕಪ್‌ಗಳೇ ಹಿಡಿದಿವೆ. ಕಳೆದ ಏಪ್ರಿಲ್‌ನಿಂದ ಅಂಗಡಿ ತೆರೆದ ದಿನವೆಲ್ಲ ಒಂದೊಂದು ಫೋಲ್ಡರ್ ಹುಟ್ಟಿದೆ. ಆಗ ಒಂದು ನಕಲು 250 ಎಂಬಿ ಇತ್ತು, ಈಗ 420. ಬೋರ್‌ವೆಲ್ ಸೀಸನ್ ಈಗಷ್ಟೇ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಶಿರಾ, ಮಧುಗಿರಿ, ಪಾವಗಡದ ಕಡೆಯಿಂದ ಮೋಟಾರು, ಪೈಪು, ಕೇಬಲ್‌ಗೆ ಜನ ಬರುವ ಹೊತ್ತಿಗೆ ಸಿಸ್ಟಮ್ ನಿಂತರೆ ಕೈಬರಹದ ಬಿಲ್ಲೇ ಗತಿ.

ದಿನವೂ ತಪ್ಪದೆ ಬ್ಯಾಕಪ್ ತೆಗೆದಿದ್ದೀರಿ ಮೇಡಂ, ಅದರಲ್ಲಿ ದೂರುವುದೇನಿಲ್ಲ. ಆದರೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ಡ್ರೈವ್ ತೆರೆದರೆ `14-2 NEW`, `backup final`, `final 2`, `New folder (7)` ಕಾಣುತ್ತವೆ. `New folder (7)` ಒಳಗೆ ಏನೂ ಇಲ್ಲ, ಸೊನ್ನೆ ಕೆಬಿ. ನವೆಂಬರ್‌ನ ಮೂರು ಫೋಲ್ಡರ್‌ಗಳದ್ದೂ ಅದೇ ಕಥೆ. ಬ್ಯಾಕಪ್ ನಡುವೆ ಕರೆಂಟ್ ಹೋಗಿರಬೇಕು. ಎಣಿಕೆಗೆ ಎಲ್ಲವೂ ನಕಲುಗಳೇ, ಅವಸರಕ್ಕೆ ಯಾವುದು ಕೈಹಿಡಿಯುತ್ತದೋ ತಿಳಿಯದು. ಮೇಲಾಗಿ ಎಲ್ಲವೂ ಇರುವುದು ಒಂದೇ ಡಿಸ್ಕ್‌ನಲ್ಲಿ, ಅಸಲು ಡೇಟಾ ಇರುವ ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಸುಟ್ಟರೆ ಅಸಲೂ ಇಲ್ಲ, ನಕಲೂ ಇಲ್ಲ.

ಸೋಮವಾರ, 16ರಿಂದ `D:\TallyBackup` ಒಳಗೆ ನಾಲ್ಕೇ ಫೋಲ್ಡರ್: `DINA`, `VARA`, `TINGALU`, `VARSHA`. ಇವನ್ನು ಮಾಡಿಟ್ಟಿದ್ದೇನೆ. ಹೊಸ ಹೆಸರು ಯಾರೂ ಇಡಬೇಡಿ.

`DINA` ಒಳಗೆ `1-SOMA`ದಿಂದ `6-SHANI`ವರೆಗೆ ಆರು ಫೋಲ್ಡರ್‌ಗಳಿವೆ. ಸಂಜೆ ಗಲ್ಲಾ ಲೆಕ್ಕ ಮುಗಿದ ಮೇಲೆ, ಗೋಡೌನ್‌ನವರು ಟ್ಯಾಲಿಯಿಂದ ಹೊರಗೆ ಬಂದ ಮೇಲೆ, ಆ ದಿನದ ಫೋಲ್ಡರ್‌ಗೆ ಬ್ಯಾಕಪ್ ಕೊಡಿ. ಕಳೆದ ವಾರದ ಅದೇ ದಿನದ ನಕಲಿನ ಜಾಗದಲ್ಲಿ ಹೊಸದು ಕೂರಬೇಕು. ಆದರೆ ಅದಕ್ಕೆ ಮೊದಲು ಒಂದು ಕೆಲಸ: ನಿನ್ನೆಯ ನಕಲು ಎಷ್ಟು ಎಂಬಿ ಇದೆ ಅಂತ ನೋಡಿಕೊಳ್ಳಿ. ಇವತ್ತಿನದು ಅದಕ್ಕಿಂತ ಒಂದೆರಡು ಎಂಬಿ ಹೆಚ್ಚಿದ್ದರೆ ಸರಿ. ಏಕಾಏಕಿ ಅರ್ಧಕ್ಕೆ ಇಳಿದಿದ್ದರೆ ಮುಂದಿನ ನಕಲು ತೆಗೆಯಬೇಡಿ, ನನಗೆ ಫೋನ್ ಮಾಡಿ. ಕೆಟ್ಟ ಡೇಟಾವನ್ನೇ ಆರು ದಿನ ನಕಲು ಮಾಡುತ್ತಾ ಹೋದರೆ ಆರೂ ಕೆಟ್ಟವೇ ಆಗುತ್ತವೆ.

ಅದಕ್ಕೇ `VARA` ಇರುವುದು. ಪ್ರತಿ ಶನಿವಾರದ ನಕಲನ್ನು ಅಲ್ಲಿಗೂ ಹಾಕಬೇಕು. ತಿಂಗಳ ಮೊದಲ ಶನಿವಾರ `1`, ಎರಡನೆಯದು `2`, ಹೀಗೆ `5`ರವರೆಗೆ. ಐದನೇ ಶನಿವಾರ ಎಲ್ಲ ತಿಂಗಳೂ ಬರುವುದಿಲ್ಲ, ಬರದಿದ್ದರೆ ಆ ಫೋಲ್ಡರ್ ಹಾಗೇ ಇರಲಿ.

ತಿಂಗಳ ನಕಲನ್ನು ಕೊನೇ ದಿನವೇ ತೆಗೆಯೋಣ ಅಂದರು ಯಜಮಾನರು. ನನಗೆ ಅದು ಸರಿ ಕಾಣುವುದಿಲ್ಲ. 31ಕ್ಕೆ ತಿಂಗಳು ಮುಗಿದರೂ ನಮ್ಮ ಲೆಕ್ಕ ಮುಗಿಯುವುದಿಲ್ಲ. ಖರೀದಿ ಬಿಲ್ಲುಗಳು ಆಮೇಲೆ ಬರುತ್ತವೆ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಅಷ್ಟರೊಳಗೆ ಎಷ್ಟೋ ಎಂಟ್ರಿ ತಿದ್ದಿರುತ್ತೇವೆ. ನಾಳೆ ನೋಟಿಸ್ ಬಂದರೆ ಕೇಳುವುದು ನಾವು ಫೈಲ್ ಮಾಡಿದ ಅಂಕಿಯನ್ನು. ಆದ್ದರಿಂದ 3ಬಿ ಹಾಕಿದ ಮಾರನೇ ದಿನ ತಿಂಗಳ ನಕಲು. ಜನವರಿಯದನ್ನು ಫೆಬ್ರವರಿ 21ರ ಶನಿವಾರ ತೆಗೆದು `2026-01` ಅಂತ ಹೆಸರಿಡಿ. ಅದರಲ್ಲಿ ಫೆಬ್ರವರಿಯ ಬಿಲ್ಲುಗಳೂ ಸೇರಿರುತ್ತವೆ, ಪರವಾಗಿಲ್ಲ. ಇಂಥವು ಹನ್ನೆರಡು ಇರಲಿ. ಹದಿಮೂರನೆಯದು ಬಂದಾಗ ಹಳೆಯದು ಹೋಗಲಿ.

ವರ್ಷದ್ದು ಎರಡು: ಮಾರ್ಚ್ 31ರ ಸಂಜೆ ಒಂದು, ಆಡಿಟರು ಹೊಂದಾಣಿಕೆ ಎಂಟ್ರಿಗಳನ್ನೆಲ್ಲ ಹಾಕಿಸಿ ಸಹಿ ಮಾಡಿದ ಮೇಲೆ ಇನ್ನೊಂದು, `2025-26-AUDIT` ಅಂತ. ಇವನ್ನು ಅಳಿಸುವ ಮಾತೇ ಇಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. 2024-25ರದ್ದಕ್ಕೆ ಕೊನೇ ದಿನ 2025ರ ಡಿಸೆಂಬರ್ 31. ಅಂದರೆ 2031ರ ಡಿಸೆಂಬರ್ ಮುಗಿಯುವವರೆಗೆ. ಅಪೀಲು ಏನಾದರೂ ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ ಹೋಗಬಹುದು.

ಆರು, ಐದು, ಹನ್ನೆರಡು: 23 ನಕಲು. ಇವತ್ತಿನ ಗಾತ್ರದಲ್ಲಿ ಹತ್ತು ಜಿಬಿ ದಾಟುವುದಿಲ್ಲ. ವರ್ಷದವು ಸೇರಿದರೂ ಡ್ರೈವ್ ಉಸಿರಾಡುತ್ತದೆ.

ಯಜಮಾನರು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸಿದ್ದಾರೆ. ಕೆಂಪು ಟೇಪಿನದು ಈ ಶನಿವಾರ, ಹಸಿರು ಟೇಪಿನದು ಮುಂದಿನ ಶನಿವಾರ. ಒಂದು ಅಂಗಡಿಗೆ ಬಂದಾಗ ಇನ್ನೊಂದು ಯಜಮಾನರ ಮನೆಯ ಬೀರುವಿನಲ್ಲಿ ಇರಬೇಕು. ಎರಡೂ ಒಂದೇ ಡ್ರಾಯರ್‌ನಲ್ಲಿ ಇದ್ದರೆ ಎರಡು ತಂದದ್ದೇ ದಂಡ. ನಕಲು ಆದ ತಕ್ಷಣ ಎಜೆಕ್ಟ್ ಕೊಟ್ಟು ತೆಗೆದುಬಿಡಿ. ಸಿಕ್ಕಿಸಿಯೇ ಬಿಟ್ಟರೆ ವೈರಸ್ ಬಂದು ಫೈಲುಗಳನ್ನು ಲಾಕ್ ಮಾಡುವಾಗ ಅದನ್ನೂ ಬಿಡುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ `SHANIVARA` ಅನ್ನುವ ಬ್ಯಾಚ್ ಫೈಲ್ ಇಟ್ಟಿದ್ದೇನೆ, ಡಬಲ್ ಕ್ಲಿಕ್ ಮಾಡಿದರೆ ಸಾಕು. ಅದರೊಳಗಿರುವುದು ಇಷ್ಟೇ:

```
robocopy D:\TallyBackup E:\TallyBackup /E /R:2 /W:5 /LOG+:D:\log.txt
```

ಇಲ್ಲಿ `/MIR` ಬೇಕೆಂದೇ ಹಾಕಿಲ್ಲ. ಹಾಕಿದ್ದರೆ ಡಿ ಡ್ರೈವ್‌ನಲ್ಲಿ ಕೈತಪ್ಪಿ ಅಳಿಸಿದ್ದು ಹೊರಗಿನ ಡಿಸ್ಕ್‌ನಲ್ಲೂ ಅಳಿಯುತ್ತದೆ. ಹಳೆಯದನ್ನು ತಾನಾಗಿ ಅಳಿಸುವ ಏರ್ಪಾಡು ಯಾಕೆ ಮಾಡಲಿಲ್ಲ ಅಂತ ಗೋಡೌನ್‌ನವರು ಕೇಳಿದ್ದರು. ಹೊಸ ಬ್ಯಾಕಪ್ ಎರಡು ವಾರ ಆಗದೇ ಇದ್ದರೂ ಅದು ದಿನಾಂಕ ನೋಡಿ ಹಳೆಯದನ್ನು ಅಳಿಸುತ್ತಲೇ ಇರುತ್ತದೆ. ಅಳಿಸುವ ಕೆಲಸ ಕೈಯಲ್ಲೇ ಆಗಲಿ.

ಈಗಿರುವ ರಾಶಿಯನ್ನು ಸೋಮವಾರವೇ ಬಳಿದು ಹಾಕಬೇಡಿ. ಏಪ್ರಿಲ್‌ನಿಂದ ಪ್ರತಿ ತಿಂಗಳದ್ದೂ ಒಂದು ಒಳ್ಳೆಯ ನಕಲನ್ನು ನಾನೇ ಆರಿಸಿ ಎರಡೂ ಡಿಸ್ಕ್‌ಗೆ ಹಾಕುತ್ತೇನೆ. 21ರಂದು ರಿಸ್ಟೋರ್ ಮಾಡಿ ನೋಡಿದ ಮೇಲೆ ಉಳಿದವು ಹೋಗುತ್ತವೆ. ಅಳಿಸಿದ ಮೇಲೆ ರೀಸೈಕಲ್ ಬಿನ್ ಖಾಲಿ ಮಾಡದಿದ್ದರೆ ಒಂದು ಎಂಬಿಯೂ ವಾಪಸ್ ಬರುವುದಿಲ್ಲ.

ರಿಸ್ಟೋರ್ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ: ನಾನಿಲ್ಲದಾಗ ಟ್ಯಾಲಿಯ ಅಸಲು ಡೇಟಾ ಫೋಲ್ಡರ್‌ಗೆ ಯಾರೂ ರಿಸ್ಟೋರ್ ಕೊಡಬೇಡಿ. ಹಳೆಯ ನಕಲು ಇವತ್ತಿನ ಲೆಕ್ಕದ ಮೇಲೆ ಕೂತುಬಿಡುತ್ತದೆ. ತಿಂಗಳಿಗೊಮ್ಮೆ, ಎರಡನೇ ಶನಿವಾರ, `D:\TallyTest`ಗೆ ರಿಸ್ಟೋರ್ ಮಾಡಿ ಮೂರು ಸಂಗತಿ ನೋಡೋಣ: ಕೊನೇ ಬಿಲ್ ನಂಬರ್, ಆ ದಿನದ ಕ್ಯಾಶ್ ಬಾಕಿ, ಟ್ರಯಲ್ ಬ್ಯಾಲೆನ್ಸ್‌ನ ಮೊತ್ತ. ಮೊನ್ನೆ ಪಾವಗಡದ ರೈತರೊಬ್ಬರು ಸುಟ್ಟ ಮೋಟಾರು ತಂದು ವಾರಂಟಿಗೆ ಬಿಲ್ ದಿನಾಂಕ ಕೇಳಿದರಲ್ಲ, ಅಂಥ ಒಂದು ಹಳೇ ಬಿಲ್ಲನ್ನೂ ತೆರೆದು ನೋಡಿದರೆ ಇನ್ನೂ ಒಳ್ಳೆಯದು.

ಕ್ಯಾಲೆಂಡರ್ ಪಕ್ಕ ನೋಟ್‌ಬುಕ್ ಕಟ್ಟಿದ್ದೇನೆ. ದಿನಾಂಕ, ಎಂಬಿ, ಸಹಿ, ಇಷ್ಟು ಬರೆದರೆ ಆಯಿತು. ಮೇಡಂ ರಜೆ ಇದ್ದ ದಿನ ಗೋಡೌನ್‌ನವರದ್ದು ಪಾಳಿ. ಯಜಮಾನರು ಊರಲ್ಲಿಲ್ಲದ ಶನಿವಾರ ಡಿಸ್ಕ್‌ಗಾಗಿ ಅಮ್ಮನವರಿಗೆ ಹಿಂದಿನ ದಿನವೇ ಫೋನ್ ಮಾಡಿ.

— ಲೆಕ್ಕ ವಿಭಾಗ